ಮುಳ್ಳು ಒಂದು ಕಡೆ, ಸ್ಟೇಷನ್ ಇನ್ನೊಂದು ಕಡೆ: ರೇಡಿಯೋದಲ್ಲಿ ಐ.ಎಫ್. ದೋಷ ಹಿಡಿಯುವ ಬಗೆ

ರೇಡಿಯೋ ಸತ್ತೇ ಹೋಗಿದ್ದರೆ ಕೆಲಸ ಸುಲಭ. ಬ್ಯಾಟರಿ, ಸ್ವಿಚ್, ಸ್ಪೀಕರ್ ಅಂತ ಒಂದೊಂದಾಗಿ ನೋಡಿಕೊಂಡು ಹೋಗಬಹುದು. ತಲೆನೋವು ಕೊಡುವುದು ಅರ್ಧ ಬದುಕಿರುವ ಸೆಟ್. ಶಬ್ದ ಬರುತ್ತದೆ, ಸ್ಟೇಷನ್ನೂ ಬರುತ್ತದೆ, ಆದರೆ ಬರಬೇಕಾದ ಜಾಗದಲ್ಲಿ ಬರುವುದಿಲ್ಲ. ಬಂದರೂ ದನಿ ಸಣ್ಣದು. ಈ ಬರಹ ಅಂಥ ಒಂದು ದೋಷದ ಬಗ್ಗೆ ಮಾತ್ರ.

ಸೆಟ್ ದಾವಣಗೆರೆಯದು. ಹಳೆಯ ಮೇಜಿನ ಟ್ರಾನ್ಸಿಸ್ಟರ್, ಬರೀ ಮೀಡಿಯಂ ವೇವ್. ಒಳಗೆ ಅಲೆ ಹಿಡಿಯುವ ಫೆರೈಟ್ ರಾಡ್, ಮುಳ್ಳಿನ ಜೊತೆ ತಿರುಗುವ ಕಂಡೆನ್ಸರ್ ಅಂದರೆ ಗ್ಯಾಂಗ್, ಸ್ಟೇಷನ್ನಿನ ಅಲೆಯನ್ನು ಒಂದು ನಡುವಿನ ಫ್ರೀಕ್ವೆನ್ಸಿಗೆ, ಅಂದರೆ ಐ.ಎಫ್.ಗೆ, ಇಳಿಸುವ ಒಂದೇ ಟ್ರಾನ್ಸಿಸ್ಟರಿನ ಕನ್ವರ್ಟರ್, ಆ ಐ.ಎಫ್.ಗೆ ಟ್ಯೂನ್ ಆದ ಮೂರು ಟ್ರಾನ್ಸ್‌ಫಾರ್ಮರ್ ಅಂದರೆ ಐಎಫ್‌ಟಿ. ಸೆಟ್ಟಿನ ಯಜಮಾನರು ಹೇಳಿದ್ದು ಇಷ್ಟು: "ಮೊದ್ಲು ಧಾರವಾಡ ಹಗಲಲ್ಲೂ ಚೆನ್ನಾಗಿ ಬರ್ತಿತ್ತು. ಒಂದ್ಸಲ ರಿಪೇರಿ ಮಾಡಿಸಿದ್ಮೇಲೆ ದನಿ ಕಮ್ಮಿ ಆಯ್ತು. ಬೆಂಗಳೂರಂತೂ ಕೇಳ್ಸೋದೇ ಇಲ್ಲ." ಈ ಮಾತಿನಲ್ಲಿ ಎರಡು ಸುಳಿವು ಇವೆ. ಮೊದಲು ಸರಿಯಿತ್ತು, ನಡುವೆ ಯಾರದೋ ಕೈ ಆಡಿದೆ. ಜೊತೆಗೆ, ಎಲ್ಲ ಸ್ಟೇಷನ್‌ಗೂ ಒಂದೇ ಅಳತೆಯ ಪೆಟ್ಟು ಬಿದ್ದಿಲ್ಲ.

ಸೆಟ್ ಆನ್ ಮಾಡಿ, ಕೆಳಗಿನ ತುದಿಯಿಂದ ಮುಳ್ಳನ್ನು ನಿಧಾನವಾಗಿ ಸರಿಸುತ್ತಾ, ಯಾವ ಸ್ಟೇಷನ್ ಎಲ್ಲಿ ಸಿಗುತ್ತದೆ ಅಂತ ಒಂದು ಚೀಟಿಯಲ್ಲಿ ಬರೆದುಕೊಂಡೆ. ಇಲ್ಲಿ ಹೇಳುವ ಅಂಕಿಗಳೆಲ್ಲ ಕಿಲೋಹರ್ಟ್ಸ್. 675ರ ಭದ್ರಾವತಿ ಸಿಕ್ಕಿದ್ದು ಡಯಲಿನ 645ರ ಹತ್ತಿರ. 765ರ ಧಾರವಾಡ ಸಿಕ್ಕಿದ್ದು 735ರ ಹತ್ತಿರ. 612ರ ಬೆಂಗಳೂರು ಹಗಲಿನಲ್ಲಿ ಇಲ್ಲವೇ ಇಲ್ಲ ಅನ್ನಬೇಕು, ಕಿವಿ ಹಚ್ಚಿ ಕೇಳಿದರೆ 580ರ ಆಸುಪಾಸಿನಲ್ಲಿ ಏನೋ ಗುಸುಗುಸು. ಕತ್ತಲಾದ ಮೇಲೆ 1107ರ ಕಲಬುರಗಿ 1080ರ ಸ್ವಲ್ಪ ಕೆಳಗೆ ಬಂತು. ಅದರ ದನಿ ಪರವಾಗಿಲ್ಲ ಅನ್ನುವ ಹಾಗಿತ್ತು.

ಈ ನಾಲ್ಕು ಸಾಲು ಸಿಕ್ಕರೆ ದೋಷ ಮುಕ್ಕಾಲು ಪಾಲು ಸಿಕ್ಕ ಹಾಗೆ. ಹೇಗೆ ಅಂತ ನೋಡಲು, ಸೆಟ್ಟಿನೊಳಗೆ ಏನು ನಡೆಯುತ್ತದೆ ಅನ್ನುವುದನ್ನು ಮೊದಲು ಗಟ್ಟಿ ಮಾಡಿಕೊಳ್ಳೋಣ.

ಕನ್ವರ್ಟರ್ ಮಾಡುವ ಕೆಲಸ

ರಾಡಿನ ಮೇಲಿನ ಕಾಯಿಲ್ ಮತ್ತು ಗ್ಯಾಂಗಿನ ಒಂದು ಭಾಗ ಸೇರಿ ನಮಗೆ ಬೇಕಾದ ಸ್ಟೇಷನ್ನನ್ನು ಒರಟಾಗಿ ಆರಿಸುತ್ತವೆ. ಗ್ಯಾಂಗಿನ ಇನ್ನೊಂದು ಭಾಗ, ಸೆಟ್ಟಿನೊಳಗೇ ಒಂದು ಅಲೆ ಹುಟ್ಟಿಸುವ ಲೋಕಲ್ ಆಸಿಲೇಟರ್‌ದು. ಎರಡೂ ಒಂದೇ ಶಾಫ್ಟಿನಲ್ಲಿ ತಿರುಗುತ್ತವೆ. ಮುಳ್ಳನ್ನು 675ಕ್ಕೆ ಇಟ್ಟಾಗ ರಾಡಿನ ಕಾಯಿಲ್ 675ಕ್ಕೆ ಟ್ಯೂನ್ ಆಗಿರಬೇಕು, ಆಸಿಲೇಟರ್ 1130ರಲ್ಲಿ ಓಡುತ್ತಿರಬೇಕು. ಈ ಎರಡೂ ಒಂದೇ ಟ್ರಾನ್ಸಿಸ್ಟರಿನೊಳಗೆ ಸೇರುತ್ತವೆ.

ಟ್ರಾನ್ಸಿಸ್ಟರ್ ಎರಡನ್ನೂ ಸುಮ್ನೆ ಕೂಡಿಸಿ ಬಿಟ್ಟಿದ್ದರೆ ಹೊಸದೇನೂ ಹುಟ್ಟುತ್ತಿರಲಿಲ್ಲ, ಹೊರಗೆ ಬರುವುದು ಅದೇ 675 ಮತ್ತು ಅದೇ 1130 ಆಗಿರುತ್ತಿತ್ತು. ಆದರೆ ಆಸಿಲೇಟರ್‌ನ ದೊಡ್ಡ ಅಲೆ ಟ್ರಾನ್ಸಿಸ್ಟರಿನ ಗೇನನ್ನು, ಅಂದರೆ ಅದು ಅಲೆಯನ್ನು ದೊಡ್ಡದು ಮಾಡುವ ಅಳತೆಯನ್ನು, ಸೆಕೆಂಡಿಗೆ 11 ಲಕ್ಷಕ್ಕೂ ಜಾಸ್ತಿ ಸಲ ಏರಿಸಿ ಇಳಿಸುತ್ತಿರುತ್ತದೆ. ಹಾಗೆ ಏರಿಳಿಯುವ ಗೇನಿನ ಮೂಲಕ ಸ್ಟೇಷನ್ನಿನ ಸಣ್ಣ ಅಲೆ ಹಾಯುತ್ತದೆ. ಅಂದರೆ ಒಂದು ಅಲೆಯನ್ನು ಇನ್ನೊಂದರಿಂದ ಗುಣಿಸಿದ ಹಾಗೆ. ಎರಡು ಅಲೆಗಳನ್ನು ಗುಣಿಸಿದರೆ ಅವುಗಳ ಮೊತ್ತ ಮತ್ತು ವ್ಯತ್ಯಾಸ ಹುಟ್ಟುತ್ತವೆ: ಇಲ್ಲಿ 1805 ಮತ್ತು 455. ಸ್ಟೇಷನ್ನಿನ ಮಾತು, ಹಾಡು ಎಲ್ಲ ಆ 455ರ ಮೇಲೆ ಇದ್ದ ಹಾಗೇ ಕೂತಿರುತ್ತದೆ. ಮುಂದಿನ ಐಎಫ್‌ಟಿ 455ಕ್ಕೆ ಟ್ಯೂನ್ ಆಗಿರುವುದರಿಂದ ಅದನ್ನು ಮಾತ್ರ ಒಳಗೆ ಬಿಡುತ್ತದೆ, ಉಳಿದದ್ದು ಅಲ್ಲೇ ನಿಲ್ಲುತ್ತದೆ.

ಮುಳ್ಳು ಧಾರವಾಡಕ್ಕೆ ಹೋದರೆ ಆಸಿಲೇಟರ್ 1220ಕ್ಕೆ ಹೋಗುತ್ತದೆ. 1220ರಲ್ಲಿ 765 ಕಳೆದರೆ ಮತ್ತೆ 455. ಯಾವ ಸ್ಟೇಷನ್ ಬೇಕಾದರೂ ಇರಲಿ, ಐ.ಎಫ್. ಭಾಗಕ್ಕೆ ಕಾಣುವುದು 455 ಮಾತ್ರ.

ಈ ಸುತ್ತುದಾರಿ ಯಾಕೆ

ನೇರವಾಗಿ 675ಕ್ಕೇ ಮೂರು ನಾಲ್ಕು ಕಾಯಿಲ್ ಟ್ಯೂನ್ ಮಾಡಿದರೆ ಆಗಲ್ವಾ? ಮೊದಲಿನ ಸೆಟ್‌ಗಳು ಹಾಗೇ ಇದ್ದವು. ಆದರೆ ನಮ್ಮಲ್ಲಿ ಮೀಡಿಯಂ ವೇವ್ 531ರಿಂದ 1602ರವರೆಗೆ ಹರಡಿದೆ, ಮೂರು ಪಟ್ಟು. ನಾಲ್ಕು ಕಾಯಿಲ್ ಇದ್ದರೆ ನಾಲ್ಕು ಭಾಗದ ಗ್ಯಾಂಗ್ ಬೇಕು, ನಾಲ್ಕೂ ಆ ಉದ್ದಕ್ಕೂ ಒಂದರ ಜೊತೆ ಒಂದು ಹೆಜ್ಜೆ ತಪ್ಪದೆ ಸರಿಯಬೇಕು. ಅದು ಹೇಗೋ ಆಯಿತು ಅಂದುಕೊಳ್ಳಿ. ಇನ್ನೊಂದು ತೊಡಕು ಹಾಗೇ ಉಳಿಯುತ್ತದೆ. ಒಂದು ಟ್ಯೂನ್ ಆದ ಕಾಯಿಲ್ ಎಷ್ಟು ಅಗಲಕ್ಕೆ ಬಾಯಿ ತೆರೆದಿರುತ್ತದೆ ಅನ್ನುವುದು ಅದರ ಫ್ರೀಕ್ವೆನ್ಸಿಯನ್ನು ಕ್ಯೂ ಅನ್ನುವ ಗುಣದಿಂದ ಭಾಗಿಸಿದಷ್ಟು. ಕ್ಯೂ 60 ಇದ್ದರೆ, 540ರಲ್ಲಿ ಆ ಅಗಲ 9 ಕಿಲೋಹರ್ಟ್ಸ್. ಅದೇ ಕಾಯಿಲ್ 1500ಕ್ಕೆ ಹೋದಾಗ 25. ನಮ್ಮಲ್ಲಿ ಸ್ಟೇಷನ್‌ಗಳ ನಡುವಿನ ಅಂತರ 9. ಅಂದರೆ ಕೆಳಗೆ ಸರಿಯಾಗಿ ಬೇರ್ಪಡಿಸುವ ಸೆಟ್ಟು ಮೇಲಿನ ತುದಿಯಲ್ಲಿ ಮೂರು ಸ್ಟೇಷನ್‌ಗಳ ಜಾಗವನ್ನು ಒಟ್ಟಿಗೆ ನುಂಗುತ್ತದೆ.

ಐ.ಎಫ್. ಈ ಎರಡು ತೊಡಕನ್ನೂ ಒಂದೇ ಏಟಿಗೆ ತೆಗೆದುಹಾಕುತ್ತದೆ. ಜರಡಿಯನ್ನು ಹೊತ್ತು ತಿರುಗುವ ಬದಲು ಜರಡಿಯನ್ನು ಒಂದು ಕಡೆ ನೆಟ್ಟು ಕಾಳನ್ನೇ ಅಲ್ಲಿಗೆ ತರುತ್ತೇವೆ. 455ರಲ್ಲಿ ಕ್ಯೂ 70ರ ಐಎಫ್‌ಟಿ ಒಂದಕ್ಕೆ ಆರೂವರೆ ಕಿಲೋಹರ್ಟ್ಸ್ ಅಗಲ. ಮುಳ್ಳು ಎಲ್ಲೇ ಇರಲಿ, ಆ ಅಗಲ ಬದಲಾಗುವುದಿಲ್ಲ. ಒಂದರ ಹಿಂದೆ ಒಂದು ಮೂರು ಐಎಫ್‌ಟಿ ಇಟ್ಟರೆ ಪಕ್ಕದ ಸ್ಟೇಷನ್ ಮೂರು ಸಲ ಸೋಸಿ ಹೋಗುತ್ತದೆ. ಅವು ಫ್ಯಾಕ್ಟರಿಯಲ್ಲಿ ಒಮ್ಮೆ ಟ್ಯೂನ್ ಆಗಿ ಮೇಣ ಹಾಕಿಸಿಕೊಂಡರೆ ಮುಗಿಯಿತು, ಕೇಳುವವರು ಮುಟ್ಟಬೇಕಾಗಿಲ್ಲ. ತಿರುಗಬೇಕಾದ್ದು ಎರಡೇ: ರಾಡಿನ ಕಾಯಿಲ್ ಮತ್ತು ಆಸಿಲೇಟರ್. ಅದರಲ್ಲೂ ಸ್ಟೇಷನ್ ಯಾವುದು ಅಂತ ತೀರ್ಮಾನಿಸುವುದು ಆಸಿಲೇಟರ್ ಒಂದೇ. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ, ಇವತ್ತಿನ ದೋಷ ಬಿಚ್ಚುವುದು ಅದರಿಂದಲೇ.

1918ರಲ್ಲಿ ಎಡ್ವಿನ್ ಆರ್ಮ್‌ಸ್ಟ್ರಾಂಗ್ ಇದನ್ನು ರೂಪಿಸಿದ್ದು ಬೇರೆ ಒಂದು ಇಕ್ಕಟ್ಟಿಗೆ. ಆಗಿನ ವಾಲ್ವ್‌ಗಳು ಹೆಚ್ಚಿನ ಫ್ರೀಕ್ವೆನ್ಸಿಯಲ್ಲಿ ಗೇನ್ ಕೊಡುತ್ತಿರಲಿಲ್ಲ, ಹಾಗಾಗಿ ಅಲೆಯನ್ನೇ ಕೆಳಗೆ ಇಳಿಸಿದರು. ಫ್ರಾನ್ಸಿನ ಲೂಸಿಯನ್ ಲೆವಿ ಕೂಡ ಅದೇ ಸುಮಾರಿಗೆ ಇದೇ ದಾರಿ ಹಿಡಿದಿದ್ದರು. ವಾಲ್ವ್‌ಗಳು ಸುಧಾರಿಸಿದವು, ಟ್ರಾನ್ಸಿಸ್ಟರ್ ಬಂತು, ಮೂಲ ಇಕ್ಕಟ್ಟು ಹೋಯಿತು. ಆದರೂ ಈ ಪದ್ಧತಿ ಉಳಿಯಿತು. ಉಳಿದದ್ದು ಪಕ್ಕದ ಸ್ಟೇಷನ್ನನ್ನು ಬೇರ್ಪಡಿಸುವ ಗುಣಕ್ಕಾಗಿ, ಅಂದರೆ ಸೆಲೆಕ್ಟಿವಿಟಿಗಾಗಿ.

ಆಸಿಲೇಟರ್ ಸ್ಟೇಷನ್ನಿಗಿಂತ ಮೇಲೆ ಯಾಕೆ ಓಡಬೇಕು, ಕೆಳಗೆ ಓಡಿದರೂ ವ್ಯತ್ಯಾಸ 455 ಬರುತ್ತದಲ್ಲ ಅಂತ ಕೇಳಬಹುದು. ಬರುತ್ತದೆ. ಆದರೆ ಲೆಕ್ಕ ಹಾಕಿ. ಮೇಲೆ ಓಡಿದರೆ 986ರಿಂದ 2057, ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ. ಗ್ಯಾಂಗಿನ ಕೆಪ್ಯಾಸಿಟಿ ನಾಲ್ಕೂ ಚಿಲ್ಲರೆ ಪಟ್ಟು ಬದಲಾದರೆ ಸಾಕು. ಕೆಳಗೆ ಓಡಿದರೆ 76ರಿಂದ 1147, ಹದಿನೈದು ಪಟ್ಟು. ಅದಕ್ಕೆ ಗ್ಯಾಂಗ್ ಇನ್ನೂರು ಪಟ್ಟಿಗೂ ಜಾಸ್ತಿ ಬದಲಾಗಬೇಕು. ಅಂಥ ಗ್ಯಾಂಗ್ ಇಲ್ಲ.

ಚೀಟಿಯನ್ನು ಓದುವುದು

ಈಗ ಆ ನಾಲ್ಕು ಸಾಲಿಗೆ ಬರೋಣ. ಭದ್ರಾವತಿ 30 ಕೆಳಗೆ, ಧಾರವಾಡ 30 ಕೆಳಗೆ, ಬೆಂಗಳೂರು ಮತ್ತು ಕಲಬುರಗಿಯೂ ಹೆಚ್ಚುಕಮ್ಮಿ ಅಷ್ಟೇ. ಬ್ಯಾಂಡಿನ ಉದ್ದಕ್ಕೂ ತಪ್ಪು ಒಂದೇ ಅಳತೆಯದು.

ಮೊದಲು ಮನಸ್ಸಿಗೆ ಬರುವ ಅನುಮಾನ ಡಯಲ್ ದಾರ ಜಾರಿರಬಹುದು ಅನ್ನುವುದು. ಅದನ್ನು ನೋಡಲು ಅರ್ಧ ನಿಮಿಷ ಸಾಕು. ಗ್ಯಾಂಗನ್ನು ಪೂರ್ತಿ ಮುಚ್ಚಿ, ಮುಳ್ಳು ಎಡತುದಿಯ ಗೆರೆಯ ಮೇಲೆ ಕೂರುತ್ತದಾ ನೋಡಿ. ಇಲ್ಲಿ ಕೂತಿತು. ಇನ್ನೊಂದು ಗುರುತೂ ಇದೆ. ದಾರ ಜಾರಿದರೆ ಮುಳ್ಳು ಎಲ್ಲ ಕಡೆ ಒಂದೇ ಮಿಲಿಮೀಟರ್ ಸರಿದಿರುತ್ತದೆ, ಒಂದೇ ಕಿಲೋಹರ್ಟ್ಸ್ ಅಲ್ಲ. ಡಯಲಿನ ಮೇಲಿನ ತುದಿಯಲ್ಲಿ ಅಂಕಿಗಳು ಒತ್ತೊತ್ತಾಗಿರುವುದರಿಂದ ಅದೇ ಮಿಲಿಮೀಟರ್ ಅಲ್ಲಿ ಜಾಸ್ತಿ ಕಿಲೋಹರ್ಟ್ಸ್ ಆಗುತ್ತದೆ.

ಆಸಿಲೇಟರ್ ಕೆಟ್ಟಿದೆಯಾ? ಗ್ಯಾಂಗಿನ ಜೊತೆಗಿರುವ ಸಣ್ಣ ಹೊಂದಾಣಿಕೆ ಕಂಡೆನ್ಸರನ್ನು, ಅಂದರೆ ಆಸಿಲೇಟರ್ ಟ್ರಿಮ್ಮರನ್ನು, ಯಾರಾದರೂ ತಿರುಗಿಸಿದ್ದರೆ ಅದರ ಪರಿಣಾಮ ಗ್ಯಾಂಗ್ ತೆರೆದಾಗ, ಅಂದರೆ ಮೇಲಿನ ತುದಿಯಲ್ಲಿ, ವಿಪರೀತ. ಅಲ್ಲಿ ಗ್ಯಾಂಗಿನ ಕೆಪ್ಯಾಸಿಟಿಯೇ ಕಡಿಮೆ, ಟ್ರಿಮ್ಮರಿನ ಮಾತು ನಡೆಯುತ್ತದೆ. ಮೇಲಿನ ತುದಿಯಲ್ಲಿ 45 ಸರಿದರೆ ಕೆಳತುದಿಯಲ್ಲಿ ಸುಮಾರು 5 ಮಾತ್ರ. ಆಸಿಲೇಟರ್ ಕಾಯಿಲಿನೊಳಗೆ ಸ್ಕ್ರೂನಂತೆ ತಿರುಗುವ ಫೆರೈಟ್ ತುಂಡು, ಅಂದರೆ ಕೋರ್, ತಿರುಗಿದ್ದರೆ ತಪ್ಪು ಶೇಕಡಾ ಲೆಕ್ಕದಲ್ಲಿ ಒಂದೇ ಇರುತ್ತದೆ, ಹಾಗಾಗಿ ಕೆಳಗೆ 20 ಆದರೆ ಮೇಲೆ 40. ಎರಡೂ ಬಗೆಯಲ್ಲಿ ತಪ್ಪು ಬ್ಯಾಂಡಿನ ಉದ್ದಕ್ಕೂ ಬೆಳೆಯುತ್ತದೆ.

ಒಂದೇ ಅಳತೆಯಲ್ಲಿ ಉಳಿಯುವ ತಪ್ಪು ಒಂದೇ ಕಡೆಯಿಂದ ಬರಲು ಸಾಧ್ಯ. ಸೆಟ್ ಹಿಡಿಯುವ ಸ್ಟೇಷನ್ ಅಂದರೆ ಆಸಿಲೇಟರ್‌ನಲ್ಲಿ ಐ.ಎಫ್. ಕಳೆದದ್ದು. ಕಳೆಯುವ ಅಂಕಿಯೇ ಬದಲಾದರೆ ಎಲ್ಲ ಸ್ಟೇಷನ್ನೂ ಒಂದೇ ಅಳತೆಯಲ್ಲಿ ಸರಿಯುತ್ತವೆ. ಮುಳ್ಳು 645ರಲ್ಲಿದ್ದಾಗ ಆಸಿಲೇಟರ್ 1100ರಲ್ಲಿ ಇರಬೇಕು. ಅಲ್ಲಿ 675 ಕೇಳುತ್ತಿದೆ ಅಂದರೆ:

```
1130 - 675 = 455   (ಇರಬೇಕಾದ್ದು)
1100 - 675 = 425   (ಈ ಸೆಟ್ಟಿನಲ್ಲಿ ಇರುವುದು)
```

ಐಎಫ್‌ಟಿಗಳು 425ಕ್ಕೆ ಇಳಿದು ಕೂತಿವೆ. ಕೋರ್‌ಗಳನ್ನು ಒಳಗೆ ತಿರುಗಿಸಿದರೆ ಇಂಡಕ್ಟೆನ್ಸ್ ಏರುತ್ತದೆ, ಫ್ರೀಕ್ವೆನ್ಸಿ ಇಳಿಯುತ್ತದೆ. ಯಾರೋ ಮೂರನ್ನೂ "ಬಿಗಿ" ಮಾಡಿರಬೇಕು ಅನ್ನಿಸಿತು. ಕ್ಯಾನ್‌ಗಳ ತೂತಿನೊಳಗೆ ಟಾರ್ಚ್ ಬಿಟ್ಟು ನೋಡಿದರೆ ಮೂರರಲ್ಲೂ ಮೇಣ ಒಡೆದಿತ್ತು. ಸ್ಕ್ರೂ ಕಂಡ ಕಡೆಯೆಲ್ಲ ಬಿಗಿ ಮಾಡುವುದು ಕೆಲವರ ಅಭ್ಯಾಸ. ಐಎಫ್‌ಟಿಯ ಕೋರ್ ಬಿಗಿ ಮಾಡುವ ಸ್ಕ್ರೂ ಅಲ್ಲ.

ದನಿ ಯಾಕೆ ಸತ್ತಿತು

ಐ.ಎಫ್. 425 ಆದರೇನು, ಮೂರೂ ಒಂದೇ ಕಡೆ ಇವೆಯಲ್ಲ, ಗೇನ್ ಹೋಗಬಾರದಲ್ಲ ಅಂತ ಅನ್ನಿಸುವುದು ಸಹಜ. ಐ.ಎಫ್. ಭಾಗದಲ್ಲಿ ನಷ್ಟ ಆಗಿದ್ದು ಸ್ವಲ್ಪವೇ. ನಷ್ಟ ಆಗಿರುವುದು ರಾಡಿನ ಹತ್ತಿರ. ಭದ್ರಾವತಿ ಕೇಳಲು ನಾವು ಮುಳ್ಳನ್ನು 645ಕ್ಕೆ ತಂದಿದ್ದೇವೆ. ಆಗ ರಾಡಿನ ಕಾಯಿಲೂ 645ಕ್ಕೇ ಟ್ಯೂನ್ ಆಗಿದೆ, 675ಕ್ಕೆ ಅಲ್ಲ. ಕ್ಯೂ 60 ಅಂದುಕೊಂಡರೆ, 30 ಕಿಲೋಹರ್ಟ್ಸ್ ಆಚೆ ಇರುವ ಸ್ಟೇಷನ್ನಿನ ವೋಲ್ಟೇಜ್ ಐದರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. 1107ರಲ್ಲಿ ಅದೇ ಕಾಯಿಲ್ ಅಗಲವಾಗಿ ಬಾಯಿ ತೆರೆದಿರುತ್ತದೆ, ಹಾಗಾಗಿ ಅಲ್ಲಿ ಮೂರೂವರೆಯಲ್ಲಿ ಒಂದು ಪಾಲಾದರೂ ಉಳಿಯುತ್ತದೆ.

ಬೆಂಗಳೂರು ಮಾಯವಾಗಿ ಕಲಬುರಗಿ ಉಳಿದದ್ದು ಇದಕ್ಕೇ. ಹಗಲು ದಾವಣಗೆರೆಗೆ ಬೆಂಗಳೂರಿನ ಅಲೆ ದೂರದ್ದು, ಮೊದಲೇ ಸಣ್ಣದು. ಅದರಲ್ಲಿ ಆರರ ಒಂದು ಪಾಲು ಅಂದರೆ ಸದ್ದಿನಡಿ ಮುಳುಗಿಹೋಗುತ್ತದೆ. ಐ.ಎಫ್. ತಪ್ಪಿದ ಸೆಟ್ ಕೆಳತುದಿಯಲ್ಲೇ ಜಾಸ್ತಿ ಕಿವುಡಾಗುತ್ತದೆ ಅನ್ನುವುದು ಒಳ್ಳೆಯ ಗುರುತು.

ಆಸಿಲೇಟರನ್ನು ಇನ್ನೊಂದು ರೇಡಿಯೋದಲ್ಲಿ ಕೇಳುವುದು

ಮೇಲಿನ ಲೆಕ್ಕವೆಲ್ಲ ಆಸಿಲೇಟರ್ ಸರಿಯಿದೆ ಅನ್ನುವ ನಂಬಿಕೆಯ ಮೇಲೆ ನಿಂತಿದೆ. ಅದನ್ನು ಪರೀಕ್ಷೆ ಮಾಡದೆ ಕೋರ್‌ಗೆ ಕೈ ಹಾಕಬಾರದು. ದುಬಾರಿ ಮೀಟರ್ ಬೇಕಾಗಿಲ್ಲ, ಇನ್ನೊಂದು ಮೀಡಿಯಂ ವೇವ್ ರೇಡಿಯೋ ಸಾಕು. ಅಂಕಿ ತೋರಿಸುವ ಡಿಜಿಟಲ್ ಸೆಟ್ ಆದರೆ ಇನ್ನೂ ಒಳ್ಳೆಯದು.

ಎರಡು ಸೆಟ್ಟನ್ನೂ ಒಂದು ಗೇಣು ಅಂತರದಲ್ಲಿ, ರಾಡ್‌ಗಳು ಒಂದಕ್ಕೊಂದು ಸಮಾನಾಂತರವಾಗಿ ಇರುವ ಹಾಗೆ ಇಡಿ. ಡಿಜಿಟಲ್ ಸೆಟ್ಟನ್ನು 1107ಕ್ಕೆ ಹಾಕಿ. ಅನುಮಾನದ ಸೆಟ್ಟಿನ ಮುಳ್ಳನ್ನು 620ರಿಂದ ಮೇಲಕ್ಕೆ ನಿಧಾನವಾಗಿ ತನ್ನಿ. ಅದರ ಆಸಿಲೇಟರ್ 1107ನ್ನು ದಾಟುವಾಗ ಡಿಜಿಟಲ್ ಸೆಟ್ಟಿನಲ್ಲಿ ಸಿಳ್ಳೆ ಕೇಳುತ್ತದೆ. ತೀಕ್ಷ್ಣವಾಗಿ ಶುರುವಾಗಿ, ದಪ್ಪ ದನಿಗೆ ಇಳಿದು, ನಡುವೆ ಒಂದು ಕ್ಷಣ ನಿಂತು, ಮತ್ತೆ ಏರುತ್ತದೆ. ಆ ನಿಂತ ಜಾಗದಲ್ಲಿ ಆಸಿಲೇಟರ್ ಸರಿಯಾಗಿ 1107. ಆಗ ಮುಳ್ಳು 652ರಲ್ಲಿ ಇರಬೇಕು, 652 ಮತ್ತು 455 ಕೂಡಿದರೆ 1107 ಅಲ್ವಾ. ಹಗಲು ಅಲ್ಲಿ ಸ್ಟೇಷನ್ ಇಲ್ಲದಿದ್ದರೆ ಸಿಳ್ಳೆ ಬರುವುದಿಲ್ಲ. ಅದರ ಬದಲು ಸರ್ ಅನ್ನುವ ಸದ್ದು ತಟ್ಟನೆ ತಗ್ಗುತ್ತದೆ. ಅದೂ ಅಷ್ಟೇ ನಂಬಬಹುದಾದ ಗುರುತು.

ನಮ್ಮ ಸೆಟ್ಟಿನಲ್ಲಿ ಮುಳ್ಳು 652ರ ಮೇಲೆಯೇ ಇತ್ತು. ಒಂದೇ ಜಾಗ ನೋಡಿ ಬಿಡಬಾರದು ಅಂತ ಡಿಜಿಟಲ್ ಸೆಟ್ಟನ್ನು 1395ಕ್ಕೆ ಹಾಕಿದೆ. ಮುಳ್ಳು 940ರಲ್ಲಿ ಇರಬೇಕಿತ್ತು, ಅಲ್ಲೇ ಇತ್ತು. ಅಂದರೆ ಆಸಿಲೇಟರ್ ಕಾಯಿಲ್, ಟ್ರಿಮ್ಮರ್, ಗ್ಯಾಂಗ್, ಡಯಲ್ ನಾಲ್ಕೂ ಸರಿ. ಉಳಿದದ್ದು ಐಎಫ್‌ಟಿ ಮಾತ್ರ.

ಈ ಪರೀಕ್ಷೆಯಲ್ಲಿ ಸಿಳ್ಳೆಯೇ ಸಿಗದಿದ್ದರೆ ಕಥೆ ಬೇರೆ. ಆಸಿಲೇಟರ್ ನಿಂತುಹೋಗಿದೆ. ಆಗ ಸೆಟ್ಟಿನಲ್ಲಿ ಸರ್ ಅನ್ನುವ ಸದ್ದು ಇರುತ್ತದೆ, ಸ್ಟೇಷನ್ ಒಂದೂ ಇರುವುದಿಲ್ಲ. ಡಯಲಿನ ಮೇಲರ್ಧದಲ್ಲಿ ಸಿಕ್ಕಿ ಕೆಳಗರ್ಧದಲ್ಲಿ ಮಾಯವಾದರೆ, ಆಸಿಲೇಟರ್ ಸುಸ್ತಾಗಿ ಕೆಳತುದಿಯಲ್ಲಿ ನಿಲ್ಲುತ್ತಿದೆ ಅಂತ ಅರ್ಥ. ಮೊದಲು ಹೊಸ ಸೆಲ್ ಹಾಕಿ ನೋಡಿ. ಆಮೇಲೆ ಕನ್ವರ್ಟರ್ ಟ್ರಾನ್ಸಿಸ್ಟರ್, ಅದರ ಎಮಿಟರ್‌ಗೆ ಆಸಿಲೇಟರ್ ಕಾಯಿಲಿನಿಂದ ಬರುವ ಸಣ್ಣ ಕಪ್ಲಿಂಗ್ ಕಂಡೆನ್ಸರ್. ಇಂಥ ಸೆಟ್ಟಿನ ಐಎಫ್‌ಟಿಯನ್ನು ಮುಟ್ಟುವುದರಿಂದ ದೋಷ ಎರಡಾಗುತ್ತದೆ ಅಷ್ಟೇ.

425ರಿಂದ 455ಕ್ಕೆ ಏರಿಸುವುದು

ಸಿಗ್ನಲ್ ಜನರೇಟರ್ ಇದ್ದವರಿಗೆ ನೇರ ದಾರಿ ಇದೆ. ಆಸಿಲೇಟರ್ ಗ್ಯಾಂಗನ್ನು 0.1 ಮೈಕ್ರೋಫ್ಯಾರಡ್ ಕಂಡೆನ್ಸರ್ ಮೂಲಕ ಗ್ರೌಂಡ್ ಮಾಡಿ ಆಸಿಲೇಟರ್ ನಿಲ್ಲಿಸಿ. ಗ್ಯಾಂಗ್ ಪೂರ್ತಿ ಮುಚ್ಚಿ. ನಾಲ್ಕೈದು ಸುತ್ತಿನ ತಂತಿಯ ಬಳೆಯನ್ನು ರಾಡಿನ ಹತ್ತಿರ ಇಟ್ಟು ಮಾಡ್ಯುಲೇಷನ್ ಇರುವ 455 ಕೊಡಿ. ಕೊನೆಯ ಐಎಫ್‌ಟಿಯಿಂದ ಶುರು ಮಾಡಿ ಹಿಂದಕ್ಕೆ ಬನ್ನಿ, ಪ್ರತಿಯೊಂದನ್ನೂ ದನಿ ಗರಿಷ್ಠವಾಗುವಲ್ಲಿ ನಿಲ್ಲಿಸಿ.

ಜನರೇಟರ್ ಇಲ್ಲದಿದ್ದರೂ ಈ ಕೆಲಸ ಆಗುತ್ತದೆ. ಅದಕ್ಕೆ ಬೇಕಾದ್ದು ಫ್ರೀಕ್ವೆನ್ಸಿ ಗೊತ್ತಿರುವ ಒಂದು ಸ್ಟೇಷನ್ ಮತ್ತು ಈಗಷ್ಟೇ ಪರೀಕ್ಷಿಸಿ ಸರಿ ಅಂತ ಖಾತ್ರಿ ಮಾಡಿಕೊಂಡ ಡಯಲ್. ಭದ್ರಾವತಿ 675ರ ಗೆರೆಯ ಮೇಲೆ ಕೇಳಿಸಿದ ದಿನ ಐ.ಎಫ್. ತಾನಾಗಿಯೇ 455 ಆಗಿರುತ್ತದೆ, ಬೇರೆ ಸಾಕ್ಷಿ ಬೇಡ.

ಮುಳ್ಳನ್ನು 645ರಲ್ಲಿಟ್ಟು ಭದ್ರಾವತಿ ಹಿಡಿದೆ. ಅಲ್ಲಿಂದ ಕೂದಲೆಳೆಯಷ್ಟು ಮೇಲಕ್ಕೆ, ನಾಲ್ಕೈದು ಕಿಲೋಹರ್ಟ್ಸ್ ಸರಿಸಿದೆ. ದನಿ ಕುಗ್ಗಿತು, ಪೂರ್ತಿ ಹೋಗಲಿಲ್ಲ. ಈಗ ಕೊನೆಯ ಐಎಫ್‌ಟಿಯ ಕೋರನ್ನು ಸ್ವಲ್ಪ ಹೊರಕ್ಕೆ ತಿರುಗಿಸಿದರೆ ದನಿ ಏರುತ್ತದೆ. ಗರಿಷ್ಠ ಬಂದಲ್ಲಿ ಬಿಟ್ಟು, ನಡುವಿನದು, ಆಮೇಲೆ ಮೊದಲಿನದು. ಮೂರೂ ಆದ ಮೇಲೆ ಮುಳ್ಳನ್ನು ಮತ್ತೆ ನಾಲ್ಕೈದು ಸರಿಸಬೇಕು. ಹೀಗೆ ಹೆಜ್ಜೆ ಹೆಜ್ಜೆಯಾಗಿ 675ಕ್ಕೆ ನಡೆಸಿಕೊಂಡು ಹೋಗುವುದು. ದಾರಿಯಲ್ಲಿ ದನಿ ತಾನಾಗಿಯೇ ಏರುತ್ತಾ ಬರುತ್ತದೆ, ಯಾಕೆಂದರೆ ಮುಳ್ಳಿನ ಜೊತೆ ರಾಡಿನ ಕಾಯಿಲೂ 675ಕ್ಕೆ ಹತ್ತಿರ ಆಗುತ್ತಿರುತ್ತದೆ. ದನಿ ಏರುವ ಬದಲು ಇಳಿಯುತ್ತಿದ್ದರೆ ಒಂದು ಕೋರನ್ನು ತಪ್ಪು ದಿಕ್ಕಿಗೆ ತಿರುಗಿಸುತ್ತಿದ್ದೀರಿ ಅಂತ ತಿಳಿಯಿರಿ.

ಇಲ್ಲಿ ಒಂದು ಮೋಸ ಇದೆ. ದನಿ ದೊಡ್ಡದಾದ ಹಾಗೆ, ಗೇನನ್ನು ತಾನಾಗಿ ಹೊಂದಿಸುವ ಎ.ಜಿ.ಸಿ. ಕೆಲಸ ಶುರು ಮಾಡಿ ಅದನ್ನು ತಗ್ಗಿಸುತ್ತದೆ. ಆಗ ಕೋರನ್ನು ಎತ್ತ ತಿರುಗಿಸಿದರೂ ದನಿ ಅಷ್ಟೇ ಇರುವ ಹಾಗೆ ಕೇಳುತ್ತದೆ, ಗರಿಷ್ಠ ಎಲ್ಲಿ ಅಂತ ಗೊತ್ತೇ ಆಗುವುದಿಲ್ಲ. ಅದಕ್ಕೆ ಉಪಾಯ ರಾಡಿನಲ್ಲೇ ಇದೆ. ಫೆರೈಟ್ ರಾಡಿನ ತುದಿ ಸ್ಟೇಷನ್ನಿನ ದಿಕ್ಕಿಗೆ ಮುಖ ಮಾಡಿದಾಗ ಅದು ಆ ಅಲೆಯನ್ನು ಬಹಳ ಕಡಿಮೆ ಹಿಡಿಯುತ್ತದೆ. ಸೆಟ್ಟನ್ನು ಮೇಜಿನ ಮೇಲೆ ಹಾಗೇ ತಿರುಗಿಸಿ, ದನಿ ಕಷ್ಟಪಟ್ಟು ಕೇಳುವಷ್ಟಕ್ಕೆ ಇಳಿಸಿಕೊಂಡು ಕೋರ್ ಹೊಂದಿಸಿ. ಸಣ್ಣ ದನಿಯಲ್ಲಿ ಗರಿಷ್ಠ ಚೂಪಾಗಿ ಸಿಗುತ್ತದೆ.

ಕೋರ್ ತಿರುಗಿಸಲು ಕಬ್ಬಿಣದ ಸ್ಕ್ರೂಡ್ರೈವರ್ ಬೇಡ. ಅದು ಒಳಗಿರುವಾಗ ಒಂದು ಟ್ಯೂನಿಂಗ್, ಹೊರಗೆ ತೆಗೆದಾಗ ಇನ್ನೊಂದು. ಪ್ಲಾಸ್ಟಿಕ್ಕಿನದು, ಅದೂ ಇಲ್ಲದಿದ್ದರೆ ಚಪ್ಪಟೆಯಾಗಿ ಕೆತ್ತಿದ ಬಿದಿರಿನ ಕಡ್ಡಿ ಸಾಕು. ಬಿಗಿಯಾಗಿ ಕೂತ ಕೋರ್ ಅವಸರ ಮಾಡಿದರೆ ಸೀಳುತ್ತದೆ. ಸೀಳಿದ ಕೋರ್ ಮುಂದೆ ತಿರುಗುವುದಿಲ್ಲ, ಐಎಫ್‌ಟಿಯನ್ನೇ ಬದಲಿಸಬೇಕಾಗುತ್ತದೆ.

675ರಲ್ಲಿ ಕೆಲಸ ಮುಗಿದ ಮೇಲೆ ಧಾರವಾಡ 765ರ ಗೆರೆಯ ಮೇಲೆ ಬಂತು, ಗಟ್ಟಿಯಾಗಿ. ಬೆಂಗಳೂರು ಹಗಲಲ್ಲೇ 612ರಲ್ಲಿ ಮಾತು ತಿಳಿಯುವಷ್ಟು ಬಂತು. ರಾತ್ರಿ ಕಲಬುರಗಿ 1107ಕ್ಕೆ ಕೂತಿತು. ಒಂದು ಸ್ಟೇಷನ್ನಿನಲ್ಲಿ ಐ.ಎಫ್. ಸರಿ ಮಾಡಿದರೆ ಉಳಿದವು ತಾವಾಗಿಯೇ ಸರಿಯಾಗಬೇಕು. ಆಗಲಿಲ್ಲ ಅಂದರೆ ಆಸಿಲೇಟರಿನಲ್ಲೂ ತಪ್ಪಿದೆ, ಸಿಳ್ಳೆ ಪರೀಕ್ಷೆಗೆ ವಾಪಸ್ ಹೋಗಬೇಕು. ನಿಮ್ಮ ಊರಿಗೆ ಈ ಸ್ಟೇಷನ್‌ಗಳು ಸಿಗದಿದ್ದರೆ ಸಿಗುವ ಯಾವುದಾದರೂ ಎರಡನ್ನು ಆರಿಸಿಕೊಳ್ಳಿ, ಡಯಲಿನಲ್ಲಿ ಒಂದು ಕೆಳಗೆ, ಒಂದು ಮೇಲೆ ಇದ್ದರೆ ಸಾಕು.

ಆಸಿಲೇಟರನ್ನೇ ಕೆಳಗಿಳಿಸಿದರೆ ಆಗದೇ?

ಕೆಲವರು ಐಎಫ್‌ಟಿಯನ್ನು 425ರಲ್ಲೇ ಬಿಟ್ಟು, ಆಸಿಲೇಟರ್ ಕೋರ್ ಮತ್ತು ಟ್ರಿಮ್ಮರ್ ತಿರುಗಿಸಿ ಡಯಲನ್ನು ಹೊಂದಿಸಿಬಿಡುತ್ತಾರೆ. ಸ್ಟೇಷನ್‌ಗಳು ಗೆರೆಯ ಮೇಲೆ ಬರುತ್ತವೆ, ಗಿರಾಕಿಯೂ ಒಪ್ಪುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. ಇಂಥ ಸೆಟ್‌ಗಳ ಗ್ಯಾಂಗಿನಲ್ಲಿ ಆಸಿಲೇಟರ್ ಭಾಗದ ತಗಡುಗಳನ್ನು ಬೇರೆ ಅಳತೆಯಲ್ಲಿ ಕತ್ತರಿಸಿರುತ್ತಾರೆ, ಅದು ರಾಡಿನ ಭಾಗಕ್ಕಿಂತ ಸದಾ 455 ಮೇಲಿರಲಿ ಅಂತ. ವ್ಯತ್ಯಾಸ 425 ಮಾಡಿದರೆ ಎರಡು ತುದಿಯಲ್ಲಿ ಹೊಂದಿಸಬಹುದು, ನಡುವೆ ರಾಡ್ ಮತ್ತು ಆಸಿಲೇಟರ್ ಹೆಜ್ಜೆ ತಪ್ಪುತ್ತವೆ. ಬ್ಯಾಂಡಿನ ಮಧ್ಯೆ ದನಿ ಮತ್ತೆ ಸಣ್ಣದಾಗುತ್ತದೆ.

ಇನ್ನೊಂದು ಕಾರಣ ಇಮೇಜ್. ಆಸಿಲೇಟರ್ 1067ರಲ್ಲಿದ್ದಾಗ 612 ಮಾತ್ರ ಅಲ್ಲ, 1522 ಕೂಡ 455ರ ವ್ಯತ್ಯಾಸ ಕೊಡುತ್ತದೆ. ಐ.ಎಫ್. ಭಾಗಕ್ಕೆ ಎರಡರಲ್ಲಿ ಭೇದ ಕಾಣುವುದಿಲ್ಲ. ತಡೆಯುವುದು ರಾಡಿನ ಕಾಯಿಲ್ ಒಂದೇ. ಬೇಕಾದ ಸ್ಟೇಷನ್ನಿಗೂ ಇಮೇಜಿಗೂ ಐ.ಎಫ್.ನ ಎರಡರಷ್ಟು, ಅಂದರೆ 910 ದೂರ ಇರುವುದರಿಂದ ಮೀಡಿಯಂ ವೇವಿನಲ್ಲಿ ಅದು ಚೆನ್ನಾಗಿ ತಡೆಯುತ್ತದೆ. ಐ.ಎಫ್. ಇಳಿಸಿದರೆ ಆ ದೂರವೂ ಇಳಿಯುತ್ತದೆ. ಶಾರ್ಟ್ ವೇವ್ ಇರುವ ಸೆಟ್‌ಗಳಲ್ಲಿ ಇದು ನಿಜಕ್ಕೂ ಕಾಡುವ ವಿಷಯ. 15 ಮೆಗಾಹರ್ಟ್ಸ್‌ನಲ್ಲಿ 910 ಕಿಲೋಹರ್ಟ್ಸ್ ಅಂದರೆ ಶೇಕಡಾ ಆರು ಮಾತ್ರ, ಅಲ್ಲಿ ಒಂದೇ ಕಾಯಿಲ್ ಏನೂ ತಡೆಯಲಾರದು. ಒಂದೇ ಸ್ಟೇಷನ್ ಡಯಲಿನ ಎರಡು ಕಡೆ ಸಿಗುವುದು ಇದರಿಂದಲೇ, ಅದು ದೋಷವಲ್ಲ.

ಮುಗಿಸುವ ಮುನ್ನ

ರಾಡಿನ ಕಾಯಿಲ್ ಸರಿ ಕೂತಿದೆಯಾ ಅಂತ ನೋಡಲು ಸುಲಭದ ಪರೀಕ್ಷೆ ಇದೆ. ಕೆಳತುದಿಯ ಒಂದು ಸಣ್ಣ ದನಿಯ ಸ್ಟೇಷನ್ ಹಿಡಿದು, ಮುರಿದ ಫೆರೈಟ್ ತುಂಡೊಂದನ್ನು ರಾಡಿನ ತುದಿಗೆ ತನ್ನಿ. ದನಿ ಏರಿದರೆ ಕಾಯಿಲನ್ನು ರಾಡಿನ ನಡುವಿಗೆ ಸ್ವಲ್ಪ ಸರಿಸಬೇಕು. ತಾಮ್ರದ ತಂತಿಯ ಮುಚ್ಚಿದ ಬಳೆಯನ್ನು ಕಾಯಿಲ್ ಹತ್ತಿರ ತಂದಾಗ ದನಿ ಏರಿದರೆ ತುದಿಯ ಕಡೆಗೆ ಸರಿಸಬೇಕು. ಎರಡಕ್ಕೂ ದನಿ ಇಳಿದರೆ ಅದನ್ನು ಮುಟ್ಟಬೇಡಿ. ನಮ್ಮ ಸೆಟ್ಟಿನಲ್ಲಿ ಎರಡಕ್ಕೂ ಇಳಿಯಿತು.

ಕೆಲವು ಸೆಟ್‌ಗಳಲ್ಲಿ ಕೋರನ್ನು ಯಾರೂ ಮುಟ್ಟಿರುವುದಿಲ್ಲ, ಮೇಣ ಹಾಗೇ ಇರುತ್ತದೆ, ಆದರೂ ಐ.ಎಫ್. ಸರಿದಿರುತ್ತದೆ. ಆಗ ಅನುಮಾನ ಐಎಫ್‌ಟಿಯ ತಳದಲ್ಲಿ ಅಡಗಿರುವ ಸಣ್ಣ ಕಂಡೆನ್ಸರಿನ ಮೇಲೆ. ಅದರ ಬೆಳ್ಳಿಯ ಲೇಪ ತೇವಕ್ಕೆ ಕಪ್ಪಾಗಿ ಹಾಳಾಗುತ್ತದೆ. ಕರಕರ ಸದ್ದು, ದನಿ ತಾನಾಗಿ ಏರುವುದು ಇಳಿಯುವುದು ಇದ್ದರೆ ಅದೇ. ಕೋರ್ ತಿರುಗಿಸಿ ಇವತ್ತು ಸರಿ ಮಾಡಿದರೂ ನಾಳೆ ಮತ್ತೆ ಸರಿಯುತ್ತದೆ, ಐಎಫ್‌ಟಿ ಬದಲಿಸುವುದೇ ಪರಿಹಾರ. ಮೂರರಲ್ಲಿ ಒಂದೇ ಸರಿದಿದ್ದರೆ ಮುಳ್ಳು ತಪ್ಪು ಜಾಗ ತೋರಿಸುವುದು ಕಡಿಮೆ. ಅದರ ಬದಲು ಒಟ್ಟು ದನಿ ಕುಗ್ಗುತ್ತದೆ, ಒಂದೇ ಸ್ಟೇಷನ್ ಅಕ್ಕಪಕ್ಕ ಎರಡು ಕಡೆ ಗರಿಷ್ಠ ಆಗುವ ಹಾಗೆ ಕೇಳಬಹುದು.

ಐಎಫ್‌ಟಿ ಸಾಲಿನಲ್ಲಿ ಸೆರಾಮಿಕ್ ಫಿಲ್ಟರ್ ಇರುವ ಸೆಟ್ಟಿಗೆ ಮೇಲಿನ ನಡೆಸುವ ವಿಧಾನ ಬೇಡ. ಫಿಲ್ಟರಿನ ಫ್ರೀಕ್ವೆನ್ಸಿ ಅದರ ಸೆರಾಮಿಕ್ ತುಂಡಿನಲ್ಲೇ ಕೂತಿರುತ್ತದೆ, ತಿರುಗಿಸಿ ಬದಲಿಸಲು ಬರುವುದಿಲ್ಲ. ಅಲ್ಲಿ ಮೊದಲು ಸ್ಟೇಷನ್ನನ್ನು ಫಿಲ್ಟರ್ ಒಪ್ಪುವ ಜಾಗದಲ್ಲಿ ಹಿಡಿದು, ಮುಳ್ಳನ್ನು ಕದಲಿಸದೆ, ಉಳಿದ ಐಎಫ್‌ಟಿಗಳನ್ನು ಅದರ ಗರಿಷ್ಠಕ್ಕೆ ತಂದರೆ ಸಾಕು. ಕೆಲಸ ಆದ ಮೇಲೆ ಪ್ರತಿ ಕೋರಿನ ಮೇಲೂ ಕರಗಿಸಿದ ಮೇಣದ ಒಂದೊಂದು ಹನಿ ಬಿಡಿ. ತೂತಿನ ತುಂಬ ಸುರಿಯಬೇಡಿ, ಮುಂದೆ ತಿರುಗಿಸಬೇಕಾದಾಗ ಕೋರ್ ಸೀಳುತ್ತದೆ.